ಎಂ10 ನಟ್‌ನಲ್ಲಿ 10 ಎಲ್ಲಿದೆ?

ಹಾರ್ಡ್‌ವೇರ್ ಅಂಗಡಿಯಿಂದ ಒಂದು ಎಂ10 ಬೋಲ್ಟನ್ನೂ ಅದರ ನಟ್ಟನ್ನೂ ತಂದು ವರ್ನಿಯರ್ ಹಿಡಿದು ನೋಡಿ. ಬೋಲ್ಟಿನ ಥ್ರೆಡ್ ಮೇಲೆ ಅಳತೆ 10 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, 9.8 ಅಥವಾ 9.9ರ ಹತ್ತಿರ. ಹೆಸರಿಗೂ ಅಳತೆಗೂ ತಾಳೆಯಾಯಿತು. ಈಗ ವರ್ನಿಯರ್‌ನ ಒಳ ದವಡೆಗಳನ್ನು ನಟ್‌ನ ತೂತಿನೊಳಗೆ ಇಳಿಸಿ. ಅಲ್ಲಿ ಸಿಗುವುದು ಸುಮಾರು 8.5. ಹಾಗಾದರೆ ಎಂ10 ಎಂದು ಕರೆಸಿಕೊಳ್ಳುವ ಈ ನಟ್‌ನಲ್ಲಿ 10 ಎಲ್ಲಿದೆ?

ಅದು ಲೋಹದ ಒಳಗಿದೆ. ನಟ್‌ನ ಒಳಮೈಯಲ್ಲಿ ಸುತ್ತಿಕೊಂಡು ಹೋಗುವ ಕಣಿವೆಯ ತಳದಿಂದ ಎದುರು ಬದಿಯ ಕಣಿವೆಯ ತಳಕ್ಕೆ ಅಳೆದರೆ 10 ಸಿಗುತ್ತದೆ. ಸಾಮಾನ್ಯ ವರ್ನಿಯರ್‌ನ ದವಡೆ ಅಲ್ಲಿಗೆ ಮುಟ್ಟುವುದಿಲ್ಲ. ಬೋಲ್ಟಿನಲ್ಲಿ ಹಲ್ಲಿನ ನೆತ್ತಿ ಹೊರಗಿದೆ, ತಳ ಒಳಗಿದೆ. ತೂತಿನಲ್ಲಿ ತಳ ಹೊರಗಿದೆ, ನೆತ್ತಿ ಒಳಗಿದೆ. ಥ್ರೆಡ್ಡನ್ನು ಕಾಗದದ ಮೇಲೆ ಬರೆಯುವ ಕ್ರಮವೆಲ್ಲ ಈ ಅದಲುಬದಲಿನ ಮೇಲೆ ನಿಂತಿದೆ. ಡಿಪ್ಲೊಮಾ, ಐಟಿಐ ಮೊದಲ ವರ್ಷದ ಡ್ರಾಯಿಂಗ್ ಹಾಳೆಗಳಲ್ಲಿ ಹೆಚ್ಚು ತಪ್ಪು ಆಗುವುದೂ ಇಲ್ಲಿಯೇ. ಬೋಲ್ಟನ್ನು ಸರಿಯಾಗಿ ಬರೆದ ಕೈಯೇ ಪಕ್ಕದ ತೂತನ್ನು ತಪ್ಪಾಗಿ ಬರೆದಿರುತ್ತದೆ.

ದೊಡ್ಡ ವ್ಯಾಸಕ್ಕೆ ಮೇಜರ್ ಡಯಾ ಎನ್ನುತ್ತಾರೆ, ಚಿಕ್ಕದಕ್ಕೆ ಮೈನರ್ ಡಯಾ. ಬೋಲ್ಟಾಗಲಿ ತೂತಾಗಲಿ, ಎಂ10 ಎಂದರೆ ಮೇಜರ್ ಡಯಾ 10 ಎಂದೇ ಅರ್ಥ. ಮೈನರ್ ಡಯಾ ಎಷ್ಟು ಎಂಬುದನ್ನು ಪಿಚ್ ನಿರ್ಧರಿಸುತ್ತದೆ. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರವೇ ಪಿಚ್. ಸಾಮಾನ್ಯ ಎಂ10ಕ್ಕೆ ಅದು 1.5 ಮಿ.ಮೀ. ಲೆಕ್ಕ ಹಾಕಿದರೆ ತೂತಿನ ಮೈನರ್ ಡಯಾ 8.376 ಬರುತ್ತದೆ, ಬೋಲ್ಟಿನ ಹಲ್ಲಿನ ತಳದ ವ್ಯಾಸ ಇನ್ನೂ ಸ್ವಲ್ಪ ಕಡಿಮೆ, 8.16. ಡ್ರಾಯಿಂಗಿನಲ್ಲಿ ಈ ಸಣ್ಣ ವ್ಯತ್ಯಾಸವನ್ನು ತೋರಿಸುವುದಿಲ್ಲ. ಎರಡಕ್ಕೂ ಒಂದೇ ಜಾಗದಲ್ಲಿ ಗೆರೆ ಎಳೆಯುತ್ತಾರೆ, ಮೇಜರ್ ಡಯಾದ ಸುಮಾರು 0.85 ಪಾಲಿನಲ್ಲಿ. ಎಂ10ಕ್ಕೆ ಅದು 8.5. ಟ್ಯಾಪ್ ಮಾಡುವ ಮೊದಲು ಹಾಕುವ ಡ್ರಿಲ್ಲಿನ ಅಳತೆಯೂ 8.5. ಹತ್ತರಲ್ಲಿ ಪಿಚ್ ಒಂದೂವರೆಯನ್ನು ಕಳೆದರೆ ಎಂಟೂವರೆ ಎಂದು ಫಿಟ್ಟರ್‌ಗಳು ಬಾಯಿಲೆಕ್ಕದಲ್ಲೇ ಹೇಳುವ ಅಳತೆ ಇದು.

ಥ್ರೆಡ್ಡನ್ನು ಕಣ್ಣಿಗೆ ಕಾಣುವ ಹಾಗೇ, ಸುತ್ತಿ ಸುತ್ತಿ ಏರುವ ಹಲ್ಲುಗಳ ಸಮೇತ ಬರೆಯಲು ಬಾರದೆ ಏನಿಲ್ಲ. ಆದರೆ ಒಂದು ಯಂತ್ರದಲ್ಲಿ ನೂರಾರು ಬೋಲ್ಟುಗಳಿರುತ್ತವೆ, ಮತ್ತು ಆ ಚಿತ್ರದಿಂದ ಕೆಲಸ ಮಾಡುವವನಿಗೆ ಹೆಚ್ಚಿಗೆ ಏನೂ ತಿಳಿಯುವುದಿಲ್ಲ. ಹಲ್ಲಿನ ಆಕಾರ ಟ್ಯಾಪ್‌ನಲ್ಲೇ ಇದೆ. ಅವನಿಗೆ ಬೇಕಾದದ್ದು ಇಲ್ಲಿ ಥ್ರೆಡ್ ಇದೆಯೇ, ಒಳಗೋ ಹೊರಗೋ, ಎಷ್ಟು ದೊಡ್ಡದು, ಎಷ್ಟು ಉದ್ದ ಎಂಬಿಷ್ಟೇ. ಆದ್ದರಿಂದ ಹಲ್ಲುಗಳನ್ನೆಲ್ಲ ಬಿಟ್ಟು ಎರಡು ಬಗೆಯ ಗೆರೆಗಳಲ್ಲಿ ಕೆಲಸ ಮುಗಿಸುವ ಒಪ್ಪಂದ ಬಂದಿದೆ. ಐಎಸ್‌ಒ 6410 ಎಂಬ ಅಂತರರಾಷ್ಟ್ರೀಯ ಮಾನಕ ಇದನ್ನು ಹೇಳುತ್ತದೆ. ಭಾರತದಲ್ಲಿ ಅದಕ್ಕೆ ಸಮನಾದದ್ದು ಐಎಸ್ 10715. ಕಾಲೇಜುಗಳು ಅನುಸರಿಸುವ ಎಸ್‌ಪಿ 46 ಕೈಪಿಡಿಯಲ್ಲೂ ಇದೇ ಕ್ರಮವಿದೆ.

ಒಪ್ಪಂದದ ತಿರುಳು ಒಂದೇ ಮಾತು: ಹಲ್ಲಿನ ನೆತ್ತಿಗೆ ದಪ್ಪ ಗೆರೆ, ಹಲ್ಲಿನ ತಳಕ್ಕೆ ತೆಳು ಗೆರೆ. ದಪ್ಪ ಗೆರೆ 0.5 ಮಿ.ಮೀ. ಇದ್ದರೆ ತೆಳು ಗೆರೆ 0.25, ಅಂದರೆ ಅರ್ಧ. ನಿಯಮದಲ್ಲಿ ಹೊರಗಿನದು ದಪ್ಪ, ಒಳಗಿನದು ತೆಳು ಎಂದು ಎಲ್ಲೂ ಇಲ್ಲ. ಮೇಜರ್ ದಪ್ಪ, ಮೈನರ್ ತೆಳು ಎಂದೂ ಇಲ್ಲ. ಬೋಲ್ಟನ್ನು ಮೊದಲು ಕಲಿತವರು ಈ ಎರಡರಲ್ಲಿ ಒಂದನ್ನು ತಮಗೆ ತಾವೇ ನಿಯಮ ಮಾಡಿಕೊಳ್ಳುತ್ತಾರೆ, ತೂತಿನ ಹತ್ತಿರ ಬಂದಾಗ ಅದು ಕೈಕೊಡುತ್ತದೆ. ನೆತ್ತಿ ಎಂದರೆ ಬೆರಳಿಗೆ ಸಿಗುವ ಮೈ. ಬೋಲ್ಟನ್ನು ಹೊರಗಿನಿಂದ ಸವರಿದರೆ ಬೆರಳು ತಾಗುವುದು ಹತ್ತರ ವ್ಯಾಸಕ್ಕೆ. ತೂತಿನೊಳಗೆ ಬೆರಳಿಟ್ಟು ಸವರಿದರೆ ತಾಗುವುದು ಎಂಟೂವರೆಯ ವ್ಯಾಸಕ್ಕೆ. ಬೆರಳು ಎಲ್ಲಿ ತಾಗುತ್ತದೋ ದಪ್ಪ ಗೆರೆ ಅಲ್ಲಿಗೆ.

ಮೊದಲು ಬೋಲ್ಟನ್ನು ಬರೆಯೋಣ. ಪಕ್ಕದಿಂದ ನೋಡಿದಾಗ ಕಡ್ಡಿಯ ಎರಡು ಅಂಚುಗಳನ್ನು 10 ಮಿ.ಮೀ. ಅಂತರದಲ್ಲಿ ದಪ್ಪ ಗೆರೆಯಿಂದ ಎಳೆಯಬೇಕು. ಅವುಗಳ ಒಳಗೆ, 8.5 ಅಂತರದಲ್ಲಿ, ಎರಡು ತೆಳು ಗೆರೆಗಳು. ಥ್ರೆಡ್ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಬೋಲ್ಟಿನ ಅಡ್ಡಕ್ಕೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಒಂದು ದಪ್ಪ ಗೆರೆ. ತೆಳು ಗೆರೆಗಳು ಆ ಗೆರೆಯನ್ನು ದಾಟಬಾರದು. ಅದರಾಚೆಗೆ ಇರುವುದು ಹಲ್ಲಿಲ್ಲದ ನುಣುಪು ಕಡ್ಡಿ. ತುದಿಯಲ್ಲಿ ಅಂಚು ಕೆತ್ತಿರುವುದನ್ನು ಓರೆಗೆರೆಯಿಂದ ತೋರಿಸಿದರೆ ಪಕ್ಕದ ನೋಟ ಮುಗಿಯಿತು.

ಈಗ ಬೋಲ್ಟನ್ನು ಅದರ ಥ್ರೆಡ್ ತುದಿಯಿಂದ ನೇರ ನೋಡಿ. ಇದು ಎಂಡ್ ವ್ಯೂ. 10 ವ್ಯಾಸದ ಪೂರ್ಣ ವೃತ್ತವನ್ನು ದಪ್ಪ ಗೆರೆಯಲ್ಲಿ ಬರೆಯಿರಿ, ಅದು ಮೇಜರ್ ಡಯಾ. ಅದರೊಳಗೆ 8.5 ವ್ಯಾಸದಲ್ಲಿ ತೆಳು ಗೆರೆಯ ಮುಕ್ಕಾಲು ವೃತ್ತ, ಅದು ಮೈನರ್ ಡಯಾ. ಬಿಟ್ಟ ಕಾಲು ಭಾಗ ಸಾಮಾನ್ಯವಾಗಿ ಬಲಗಡೆಯ ಮೇಲಿನ ಮೂಲೆಯಲ್ಲಿರಲಿ ಎಂದು ಮಾನಕ ಹೇಳುತ್ತದೆ. ಜಾಗದ ಅಡಚಣೆ ಇದ್ದರೆ ಬೇರೆ ಮೂಲೆಗೂ ತಿರುಗಿಸಬಹುದು. ತುದಿಯ ಅಂಚು ಕೆತ್ತಿದ್ದರಿಂದ ನಿಜವಾಗಿ ಅಲ್ಲಿ ಇನ್ನೊಂದು ವೃತ್ತ ಕಾಣುತ್ತದೆ. ಅದು ತೆಳು ಕಮಾನಿನ ಮೈಮೇಲೇ ಬಂದು ಕೂರುವುದರಿಂದ ಎಂಡ್ ವ್ಯೂನಲ್ಲಿ ಅದನ್ನು ಬರೆಯದೆ ಬಿಡುತ್ತಾರೆ. ಬರೆದರೆ ಮೈನರ್ ಡಯಾದ ಕಮಾನು ಕಾಣದೇ ಹೋಗುತ್ತದೆ.

ತೂತಿಗೆ ಬಂದಾಗ ಅದು ಹುಟ್ಟುವ ಕ್ರಮವನ್ನು ನೆನೆದರೆ ಗೆರೆಗಳು ತಾವೇ ಜಾಗಕ್ಕೆ ಬರುತ್ತವೆ. ಫಿಟ್ಟರ್ ಮೊದಲು 8.5ರ ಡ್ರಿಲ್ ಹಾಕುತ್ತಾನೆ. ಆಗ ಕಾಣುವುದು ಒಂದು ಸಾದಾ ತೂತು, ಡ್ರಾಯಿಂಗಿನಲ್ಲಿ 8.5 ವ್ಯಾಸದ ಒಂದು ದಪ್ಪ ವೃತ್ತ. ಆಮೇಲೆ ಟ್ಯಾಪ್ ಇಳಿಸುತ್ತಾನೆ. ಟ್ಯಾಪ್‌ನ ಹಲ್ಲುಗಳು ತೂತಿನ ಗೋಡೆಯೊಳಕ್ಕೆ ಹೊಕ್ಕು ಹತ್ತರ ವ್ಯಾಸದವರೆಗೆ ಕಣಿವೆ ಕೊರೆಯುತ್ತವೆ. ಆದರೆ ಎರಡು ಕಣಿವೆಗಳ ನಡುವೆ ಉಳಿದ ನೆತ್ತಿಗಳು ಹಳೆಯ 8.5ರ ಗೋಡೆಯ ಜಾಗದಲ್ಲೇ ನಿಂತಿರುತ್ತವೆ. ಆದ್ದರಿಂದ ಮೊದಲು ಬರೆದ ದಪ್ಪ ವೃತ್ತ ಹಾಗೇ ಉಳಿಯುತ್ತದೆ. ಟ್ಯಾಪ್ ಮಾಡಿದ್ದಕ್ಕೆ ಗುರುತಾಗಿ ಅದರ ಹೊರಗೆ, ಹತ್ತರ ವ್ಯಾಸದಲ್ಲಿ, ಒಂದು ತೆಳು ಮುಕ್ಕಾಲು ವೃತ್ತ ಬಂದು ಸೇರುತ್ತದೆ. ತೂತಿನ ಎಂಡ್ ವ್ಯೂನಲ್ಲಿ ಹೀಗೆ ಒಳಗಿನ ದಪ್ಪ ಪೂರ್ಣ ವೃತ್ತ ಮೈನರ್ ಡಯಾ, ಹೊರಗಿನ ತೆಳು ಮುಕ್ಕಾಲು ವೃತ್ತ ಮೇಜರ್ ಡಯಾ. ಬೋಲ್ಟಿನಲ್ಲಿ ಇದ್ದುದರ ತಲೆಕೆಳಗು.

ಅಳತೆ ಬರೆಯುವಾಗಲೂ ಈ ತಲೆಕೆಳಗು ಮುಂದುವರಿಯುತ್ತದೆ, ಇದನ್ನು ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಅನಿಸಿಕೆ. ಎಂ10 ಎಂಬ ಅಳತೆ ಯಾವಾಗಲೂ ಮೇಜರ್ ಡಯಾಕ್ಕೆ ಸೇರಿದ್ದು. ಬೋಲ್ಟಿನ ಪಕ್ಕದ ನೋಟದಲ್ಲಿ ಅಳತೆಯ ಬಾಣಗಳು ದಪ್ಪ ಗೆರೆಗಳನ್ನು ಮುಟ್ಟಬೇಕು. ತೂತಿನ ನೋಟದಲ್ಲಿ ಅದೇ ಅಳತೆಯ ಬಾಣಗಳು ತೆಳು ಗೆರೆಗಳನ್ನು ಮುಟ್ಟಬೇಕು. ತೂತಿನ ದಪ್ಪ ಗೆರೆಗೆ ಎಂ10 ಎಂದು ಬಾಣ ಹಾಕಿದ್ದರೆ ಬರೆದವರಿಗೆ ಯಾವುದು ಯಾವುದೆಂಬ ಗೊಂದಲ ಇನ್ನೂ ಬಿಟ್ಟಿಲ್ಲ ಎಂದು ತಿಳಿಯಬಹುದು.

ಮುಕ್ಕಾಲು ವೃತ್ತವೇ ಏಕೆ, ಪೂರ್ತಿ ಏಕಲ್ಲ? ಡ್ರಾಯಿಂಗಿನಲ್ಲಿ ಒಂದರೊಳಗೊಂದು ಎರಡು ಪೂರ್ಣ ವೃತ್ತಗಳು ಬೇರೆ ಹಲವು ಕಡೆ ಬರುತ್ತವೆ. ಬೋಲ್ಟಿನ ತಲೆ ಒಳಗೆ ಕೂರಲೆಂದು ಮೇಲ್ಭಾಗದಲ್ಲಿ ಅಗಲ ಮಾಡಿದ ಮೆಟ್ಟಿಲು ತೂತಿಗೆ ಎರಡು ವೃತ್ತಗಳು. ಬಾಯಿಯ ಅಂಚನ್ನು ಓರೆಯಾಗಿ ಕೆತ್ತಿದ ತೂತಿಗೂ ಎರಡು. ಅಲ್ಲೆಲ್ಲ ಪ್ರತಿ ವೃತ್ತವೂ ನಿಜವಾದ ಒಂದು ಅಂಚು; ಒಂದು ಮೈ ಮುಗಿದು ಇನ್ನೊಂದು ಮೈ ಶುರುವಾಗುವ ಜಾಗ. ಥ್ರೆಡ್‌ನ ತಳದಲ್ಲಿ ಅಂಥ ವೃತ್ತಾಕಾರದ ಅಂಚೇ ಇಲ್ಲ. ಕಣಿವೆ ಸುತ್ತುತ್ತಾ ಆಳಕ್ಕೆ ಇಳಿದು ಹೋಗುತ್ತದೆ, ಎಲ್ಲಿಯೂ ವೃತ್ತವಾಗಿ ಮುಚ್ಚಿಕೊಳ್ಳುವುದಿಲ್ಲ. ಬಾಯಿ ತೆರೆದ ತೆಳು ಕಮಾನು ಕಂಡೊಡನೆ ಇದು ಮೆಟ್ಟಿಲಲ್ಲ, ಥ್ರೆಡ್ ಎಂದು ಓದುವವನಿಗೆ ಗೊತ್ತಾಗುತ್ತದೆ. ಫೋಟೋಕಾಪಿಯಲ್ಲಿ ಗೆರೆಯ ದಪ್ಪ ತೆಳುವಿನ ವ್ಯತ್ಯಾಸ ಅಳಿಸಿಹೋದರೂ ತೆರೆದ ಬಾಯಿ ಉಳಿದಿರುತ್ತದೆ. ಕಮಾನಿನ ಎರಡು ತುದಿಗಳು ಸರಿಯಾಗಿ ಮಧ್ಯರೇಖೆಗಳ ಮೇಲೇ ನಿಂತರೆ ಆ ರೇಖೆಯಲ್ಲಿ ಬೆರೆತು ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ. ಮುಕ್ಕಾಲು ಎಂಬುದು ಹೇಗೂ ಅಂದಾಜಿನ ಮಾತು. ಒಂದು ತುದಿಯನ್ನು ಮಧ್ಯರೇಖೆಯಿಂದ ತುಸು ಮುಂದಕ್ಕೆ ದಾಟಿಸಿ, ಇನ್ನೊಂದನ್ನು ತುಸು ಹಿಂದೆ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ.

ಇದೆಲ್ಲ ಒಟ್ಟಿಗೆ ಬರುವ ಒಂದು ಡ್ರಾಯಿಂಗ್ ತೆಗೆದುಕೊಳ್ಳೋಣ. 40 ಮಿ.ಮೀ. ದಪ್ಪದ ಒಂದು ಬೀಡಿನ ತುಂಡು, ಅಂದರೆ ಎರಕದ ಕಬ್ಬಿಣದ್ದು. ಅದರ ಮೇಲೆ 30 ಮಿ.ಮೀ. ದಪ್ಪದ ಮುಚ್ಚಳ. ಮುಚ್ಚಳದ ಮೂಲಕ ಒಂದು ಎಂ10 ಬೋಲ್ಟ್ ಇಳಿದು ಕೆಳಗಿನ ತುಂಡಿನ ಥ್ರೆಡ್‌ಗೆ ಬಿಗಿಯಾಗಬೇಕು. ಬೋಲ್ಟಿನ ಉದ್ದ ತಲೆಯ ಕೆಳಗಿನಿಂದ 45. ಅದರಲ್ಲಿ ತುದಿಯ 26 ಮಿ.ಮೀ. ಥ್ರೆಡ್, ಮೇಲಿನ 19 ನುಣುಪು. ತೂತು ಆರಪಾರ ಹೋಗುವುದಿಲ್ಲ. ಥ್ರೆಡ್ 20 ಮಿ.ಮೀ. ಆಳ, ಡ್ರಿಲ್ 25 ಮಿ.ಮೀ. ಆಳ. ಡ್ರಾಯಿಂಗಿನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೀಗೆ ಬರೆಯಬಹುದು:

M10 × 20 / ⌀8.5 × 25

ಡ್ರಿಲ್ 5 ಮಿ.ಮೀ. ಹೆಚ್ಚು ಹೋಗಿರುವುದಕ್ಕೆ ಕಾರಣವಿದೆ. ಟ್ಯಾಪ್‌ನ ತುದಿಯ ಕೆಲವು ಹಲ್ಲುಗಳು ಸವೆಸಿದಂತೆ ಓರೆಯಾಗಿರುತ್ತವೆ, ಅವು ಪೂರ್ತಿ ಆಳದ ಥ್ರೆಡ್ ಕೊರೆಯುವುದಿಲ್ಲ. ಕೊರೆದ ಚೂರುಗಳಿಗೂ ಕೆಳಗೆ ಜಾಗ ಬೇಕು. ಥ್ರೆಡ್ಡಿನ ಆಳವೂ ಡ್ರಿಲ್ಲಿನ ಆಳವೂ ಒಂದೇ ಎಂದು ಬರೆದ ಡ್ರಾಯಿಂಗ್ ಹಿಡಿದುಕೊಂಡು ಟ್ಯಾಪ್ ತಿರುಗಿಸಿದರೆ ತಳಕ್ಕೆ ತಾಗಿ ಟ್ಯಾಪ್ ಮುರಿಯುತ್ತದೆ. ಡ್ರಿಲ್ ಆಳವನ್ನು ಹೇಳದೆ ಬಿಟ್ಟಾಗ ಚಿತ್ರದಲ್ಲಿ ಅದನ್ನು ಥ್ರೆಡ್ ಆಳದ ಒಂದೂಕಾಲು ಪಟ್ಟು ಬರೆಯುವುದು ರೂಢಿ. ನಮ್ಮ 20ಕ್ಕೆ 25 ಅದೇ ಲೆಕ್ಕ.

ಮುಚ್ಚಳ, ಬೋಲ್ಟ್ ಇಲ್ಲದೆ ಕೆಳಗಿನ ತುಂಡನ್ನು ಮಾತ್ರ ಮಧ್ಯಕ್ಕೆ ಸೀಳಿದ ನೋಟವನ್ನು ಮೊದಲು ಬರೆಯೋಣ, ಎರಡು ಪಟ್ಟು ದೊಡ್ಡದಾಗಿ. ಮೇಲ್ಮೈಯಿಂದ ಕೆಳಕ್ಕೆ 25ರವರೆಗೆ, 8.5 ಅಂತರದಲ್ಲಿ ಎರಡು ದಪ್ಪ ಗೆರೆಗಳು. ತಳದಲ್ಲಿ ಡ್ರಿಲ್ಲಿನ ಮೂತಿ ಬಿಟ್ಟುಹೋದ ಶಂಕು. ಅದರ ಕೋನವನ್ನು 120 ಡಿಗ್ರಿ ಎಂದು ಬರೆಯುತ್ತಾರೆ. ಈ ಶಂಕು ಎರಡು ದಪ್ಪ ಗೆರೆಗಳ ತುದಿಯಿಂದಲೇ ಹೊರಡಬೇಕು, ಏಕೆಂದರೆ ಅದು ಡ್ರಿಲ್ಲಿನ ಗುರುತು, ಡ್ರಿಲ್ಲಿನ ಅಳತೆ ಎಂಟೂವರೆ. ಹೊರಗಿನ ತೆಳು ಗೆರೆಗಳನ್ನು ತಳದವರೆಗೆ ಎಳೆದು ಅಲ್ಲಿಂದ ಶಂಕು ಬರೆಯುವುದು ಮಾಮೂಲಾಗಿ ಕಾಣುವ ತಪ್ಪು. ಹತ್ತರ ಡ್ರಿಲ್ ಹಾಕಿದ ತೂತಿನ ಚಿತ್ರ ಅದು, ಹತ್ತರ ಡ್ರಿಲ್ ಹಾಕಿದ ಮೇಲೆ ಎಂ10 ಟ್ಯಾಪ್‌ಗೆ ಕೊರೆಯಲು ಲೋಹವೇ ಉಳಿದಿರುವುದಿಲ್ಲ. ಸರಿಯಾಗಿ ಬರೆದರೆ ತೆಳು ಗೆರೆಗಳು 10 ಅಂತರದಲ್ಲಿ ಮೇಲ್ಮೈಯಿಂದ ಹೊರಟು 20ರ ಆಳಕ್ಕೆ ನಿಲ್ಲುತ್ತವೆ. ಅಲ್ಲಿ ಥ್ರೆಡ್ ಮುಗಿಯಿತೆಂದು ಒಂದು ದಪ್ಪ ಅಡ್ಡಗೆರೆ, ಒಂದು ತೆಳು ಗೆರೆಯಿಂದ ಇನ್ನೊಂದು ತೆಳು ಗೆರೆಯವರೆಗೆ.

ಸೀಳಿದ ಲೋಹವನ್ನು ಓರೆ ಗೆರೆಗಳಿಂದ ತುಂಬಿಸುವುದಕ್ಕೆ ಹ್ಯಾಚಿಂಗ್ ಎನ್ನುತ್ತಾರೆ. ಹ್ಯಾಚಿಂಗ್ ಗೆರೆ ಹೊರಗಿನಿಂದ ಬರುತ್ತಾ ಮೊದಲು ತೆಳು ಗೆರೆಯನ್ನು ಎದುರಾಗುತ್ತದೆ. ಅಲ್ಲಿ ನಿಲ್ಲಬಾರದು, ಅದನ್ನು ದಾಟಿ ದಪ್ಪ ಗೆರೆಯವರೆಗೆ ಹೋಗಬೇಕು. ತೆಳುವಿಗೂ ದಪ್ಪಕ್ಕೂ ನಡುವಿನ ಪಟ್ಟಿಯಲ್ಲಿ ಹಲ್ಲುಗಳಿವೆ, ಹಲ್ಲುಗಳು ಆ ತುಂಡಿನದೇ ಲೋಹ. ಗೆರೆ ದಪ್ಪವಾದಲ್ಲಿ ಲೋಹ ಮುಗಿದು ಗಾಳಿ ಶುರುವಾಗುತ್ತದೆ ಎಂದು ಹಿಡಿದರೆ ಹ್ಯಾಚಿಂಗ್ ಎಲ್ಲಿಗೆ ನಿಲ್ಲಬೇಕೆಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ತುಂಡನ್ನು ಸೀಳದೆ ಹೊರಗಿನಿಂದ ನೋಡಿದರೆ ತೂತು ಕಾಣುವುದೇ ಇಲ್ಲ. ಆಗ ನೆತ್ತಿ, ತಳ ಎರಡಕ್ಕೂ ತುಂಡು ತುಂಡಾದ ತೆಳು ಗೆರೆಗಳೇ, ದಪ್ಪ ತೆಳುವಿನ ಭೇದವಿಲ್ಲ.

ಈಗ ಮುಚ್ಚಳವನ್ನು ಇಟ್ಟು ಬೋಲ್ಟನ್ನು ಇಳಿಸೋಣ. ಸೀಳುನೋಟದಲ್ಲಿ ಬೋಲ್ಟನ್ನು ಉದ್ದಕ್ಕೆ ಸೀಳುವುದಿಲ್ಲ, ಇಡಿಯಾಗಿಯೇ ತೋರಿಸುತ್ತಾರೆ. ಬೋಲ್ಟೂ ತೂತೂ ಒಂದೇ ಜಾಗದಲ್ಲಿ ಸೇರಿದಾಗ ಯಾರ ಗೆರೆ ಮೇಲೆ ಎಂಬ ಪ್ರಶ್ನೆಗೆ ಮಾನಕದ ಉತ್ತರ ಖಂಡಿತವಾಗಿದೆ: ಬೋಲ್ಟಿನ ಗೆರೆಯೇ ಮೇಲೆ. ಬೋಲ್ಟ್ ಇರುವಷ್ಟು ಆಳಕ್ಕೆ ತೂತನ್ನು ಮರೆತುಬಿಡಬೇಕು.

ಮುಚ್ಚಳದ ತೂತಿನಲ್ಲಿ ಥ್ರೆಡ್ ಇಲ್ಲ, ಬೋಲ್ಟ್ ಸಲೀಸಾಗಿ ಇಳಿಯಲೆಂದು ಅದನ್ನು 11 ಮಿ.ಮೀ. ಮಾಡಿರುತ್ತಾರೆ. ಹಾಗಾಗಿ ಬೋಲ್ಟಿನ ಎರಡೂ ಬದಿಗೆ ಅರ್ಧ ಮಿ.ಮೀ. ಸಂದು. ಆ ಸಂದನ್ನು ತೋರಿಸಲೇಬೇಕು. ಮುಚ್ಚಳ ಮತ್ತು ಕೆಳಗಿನ ತುಂಡು ಕೂಡುವ ಗೆರೆ ಹ್ಯಾಚಿಂಗಿನ ಅಂಚಿಗೆ ನಿಲ್ಲದೆ ಈ ಸಂದಿನಲ್ಲೂ ಹಾದು ಬೋಲ್ಟಿನ ದಪ್ಪ ಗೆರೆಯನ್ನು ಮುಟ್ಟುತ್ತದೆ, ಏಕೆಂದರೆ ಸಂದಿನೊಳಗೆ ಇಣುಕಿದರೆ ಕೆಳಗಿನ ತುಂಡಿನ ಮೇಲ್ಮೈ ಅಲ್ಲಿ ಕಾಣುತ್ತದೆ. ಬೋಲ್ಟಿನ ಥ್ರೆಡ್ ತಲೆಯಿಂದ 19 ಮಿ.ಮೀ. ಕೆಳಗೆ, ಅಂದರೆ ಇನ್ನೂ ಮುಚ್ಚಳದ ಒಳಗಿರುವಾಗಲೇ ಶುರುವಾಗುತ್ತದೆ. ಶುರುವಾಗುವಲ್ಲಿ ಅಡ್ಡಕ್ಕೆ ದಪ್ಪ ಗೆರೆ.

ಮುಚ್ಚಳದ 30 ಕಳೆದರೆ ಬೋಲ್ಟಿನ 15 ಮಿ.ಮೀ. ಕೆಳಗಿನ ತುಂಡಿನೊಳಗೆ ಇಳಿದಿದೆ. ಮೇಲ್ಮೈಯಿಂದ 15ರವರೆಗೆ ಬೋಲ್ಟಿನ ಆಳ್ವಿಕೆ: 10ರಲ್ಲಿ ದಪ್ಪ ಗೆರೆ, 8.5ರಲ್ಲಿ ತೆಳು ಗೆರೆ. ಇಲ್ಲಿ ತುಂಡಿನ ಹ್ಯಾಚಿಂಗ್ ಬೋಲ್ಟಿನ ದಪ್ಪ ಗೆರೆಗೆ, ಹತ್ತರಲ್ಲಿ, ನಿಲ್ಲುತ್ತದೆ. ಬೋಲ್ಟಿನ ತುದಿಗೆ ಅಡ್ಡ ದಪ್ಪ ಗೆರೆ ಬರುತ್ತದೆ. ಅದರ ಕೆಳಗೆ, 15ರಿಂದ 20ರವರೆಗೆ, ಬೋಲ್ಟ್ ಇಲ್ಲದ ಬರಿಯ ಥ್ರೆಡ್ ತೂತು. ಅಲ್ಲಿ ಅದೇ ಎರಡು ನೇರಗಳಲ್ಲಿ ಗೆರೆಗಳು ಮುಂದುವರಿಯುತ್ತವೆ, ಆದರೆ ಜಾತಿ ಬದಲಾಗುತ್ತದೆ. ಮೇಲಿನಿಂದ ದಪ್ಪವಾಗಿ ಬಂದ ಹತ್ತರ ಗೆರೆ ತೆಳುವಾಗುತ್ತದೆ. ತೆಳುವಾಗಿ ಬಂದ ಎಂಟೂವರೆಯ ಗೆರೆ ದಪ್ಪವಾಗುತ್ತದೆ. ಹ್ಯಾಚಿಂಗ್ ಕೂಡ ಇಲ್ಲಿ ತೆಳು ಗೆರೆಯನ್ನು ದಾಟಿ ಒಳಕ್ಕೆ ಬಂದು ಎಂಟೂವರೆಗೆ ನಿಲ್ಲುತ್ತದೆ. ಇನ್ನೂ ಕೆಳಗೆ, 20ರಿಂದ 25ರವರೆಗೆ, ಎಂಟೂವರೆಯ ದಪ್ಪ ಗೆರೆ ಮಾತ್ರ, ಆಮೇಲೆ ಶಂಕು. ನಾಲ್ಕು ಗೆರೆಗಳು ಒಂದೇ ಬಿಂದುವಿನ ಎತ್ತರದಲ್ಲಿ ದಪ್ಪ ತೆಳುವನ್ನು ಅದಲುಬದಲು ಮಾಡಿಕೊಳ್ಳುವ ಆ 15ರ ಆಳದ ಜಾಗವೇ ಇಡೀ ಡ್ರಾಯಿಂಗಿನ ಮರ್ಮ. ಒಬ್ಬ ವಿದ್ಯಾರ್ಥಿಗೆ ವಿಷಯ ತಿಳಿದಿದೆಯೇ ಎಂದು ನೋಡಲು ನಾನಾದರೆ ಮೊದಲು ಕಣ್ಣು ಹಾಯಿಸುವುದು ಅಲ್ಲಿಗೆ.

ಎಂಡ್ ವ್ಯೂನಲ್ಲೂ ಈ ಬದಲಾವಣೆ ಕಾಣುತ್ತದೆ. ಇದೇ ಜೋಡಣೆಯನ್ನು 10 ಮಿ.ಮೀ. ಆಳದಲ್ಲಿ ಅಡ್ಡಕ್ಕೆ ಕತ್ತರಿಸಿ ಮೇಲಿನಿಂದ ನೋಡಿದರೆ ಕತ್ತಿ ಬೋಲ್ಟನ್ನೂ ತುಂಡನ್ನೂ ಒಟ್ಟಿಗೆ ಕತ್ತರಿಸಿದೆ. ಬೋಲ್ಟನ್ನು ಉದ್ದಕ್ಕೆ ಸೀಳುವುದಿಲ್ಲ ನಿಜ, ಆದರೆ ಅಡ್ಡಕ್ಕೆ ಕತ್ತರಿಸಿದಾಗ ಅದಕ್ಕೂ ಹ್ಯಾಚಿಂಗ್ ಬರುತ್ತದೆ, ತುಂಡಿನ ಹ್ಯಾಚಿಂಗಿಗೆ ಎದುರು ದಿಕ್ಕಿನಲ್ಲಿ. ಎರಡೂ ಹ್ಯಾಚಿಂಗ್‌ಗಳು ಹತ್ತರ ದಪ್ಪ ಪೂರ್ಣ ವೃತ್ತದಲ್ಲಿ ಸಂಧಿಸುತ್ತವೆ. ಎಂಟೂವರೆಯ ತೆಳು ಮುಕ್ಕಾಲು ವೃತ್ತ ಅದರ ಒಳಗೆ, ಬೋಲ್ಟಿನ ಹ್ಯಾಚಿಂಗಿನ ನಡುವೆ ಇರುತ್ತದೆ. ಕತ್ತಿಯನ್ನು 17 ಮಿ.ಮೀ. ಆಳಕ್ಕೆ ಇಳಿಸಿ ನೋಡಿ. ಅಲ್ಲಿ ಬೋಲ್ಟಿಲ್ಲ. ಎಂಟೂವರೆಯ ದಪ್ಪ ಪೂರ್ಣ ವೃತ್ತ, ಅದರೊಳಗೆ ಖಾಲಿ. ಹೊರಗೆ ಹತ್ತರ ತೆಳು ಮುಕ್ಕಾಲು ವೃತ್ತ, ಅದರ ಮೇಲೇ ಹಾದು ಒಳಕ್ಕೆ ಬರುವ ಹ್ಯಾಚಿಂಗ್. ಏಳೇ ಮಿ.ಮೀ. ಅಂತರದಲ್ಲಿ ಒಂದೇ ತೂತಿನ ಎರಡು ಎಂಡ್ ವ್ಯೂಗಳು, ಒಂದರಲ್ಲಿ ಮೇಜರ್ ಡಯಾ ದಪ್ಪ, ಇನ್ನೊಂದರಲ್ಲಿ ಮೈನರ್ ಡಯಾ ದಪ್ಪ.

ಎರಡು ಪಟ್ಟು ದೊಡ್ಡದಾಗಿ ಬರೆಯೋಣ ಎಂದು ಹೇಳಿದ್ದು ಸುಮ್ಮನೆ ಅಲ್ಲ. ನಿಜ ಅಳತೆಯಲ್ಲಿ ಬರೆದರೆ ದಪ್ಪ ಗೆರೆಗೂ ತೆಳು ಗೆರೆಗೂ ನಡುವೆ ಮುಕ್ಕಾಲು ಮಿ.ಮೀ. ಮಾತ್ರ ಸಿಗುತ್ತದೆ. ಎರಡರ ನಡುವಿನ ಜಾಗ ದಪ್ಪ ಗೆರೆಯ ಎರಡರಷ್ಟು ಅಥವಾ 0.7 ಮಿ.ಮೀ., ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಇರಬಾರದು ಎಂದು ಮಾನಕ ಹೇಳುತ್ತದೆ. 0.5ರ ದಪ್ಪ ಗೆರೆಗೆ ಕನಿಷ್ಠ 1 ಮಿ.ಮೀ. ಬೇಕು. ಆದ್ದರಿಂದ ನಿಜ ಅಳತೆಯ ಹಾಳೆಯಲ್ಲಿ ಎಂ10ರ ಮೈನರ್ ಡಯಾವನ್ನು 8.5ರ ಬದಲು 8ಕ್ಕೆ ಬರೆಯಬೇಕಾಗುತ್ತದೆ. ಎಂ6, ಎಂ4ಕ್ಕೆ ಇನ್ನೂ ಹಿಗ್ಗಿಸಬೇಕು. ಹಾಗೆ ಮಾಡುವುದು ಸುಳ್ಳು ಬರೆದಂತಲ್ಲ. ಡ್ರಿಲ್ಲಿನ ಅಳತೆಯನ್ನು ಯಾರೂ ಹಾಳೆಯ ಮೇಲೆ ಸ್ಕೇಲ್ ಇಟ್ಟು ತೆಗೆಯುವುದಿಲ್ಲ, ಬರೆದ ಅಂಕಿಯಿಂದ ತೆಗೆದುಕೊಳ್ಳುತ್ತಾರೆ. ಎರಡು ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೆರೆಯಂತೆ ಕಾಣುವುದು ಅದಕ್ಕಿಂತ ದೊಡ್ಡ ತೊಂದರೆ.

ಬೆಂಗಳೂರಿನ ಪೀಣ್ಯದಂಥ ಕಡೆ ಹೊರದೇಶದ ಗಿರಾಕಿಗಳಿಗೆ ಕೆಲಸ ಮಾಡುವ ವರ್ಕ್‌ಶಾಪ್‌ಗಳಿಗೆ ಅಮೆರಿಕದ ಡ್ರಾಯಿಂಗ್ ಬಂದರೆ ಎಂಡ್ ವ್ಯೂ ಬೇರೆಯೇ ಕಾಣುತ್ತದೆ. ಅಲ್ಲಿಯ ಸರಳ ಪದ್ಧತಿಯಲ್ಲಿ ತೆಳು ಮುಕ್ಕಾಲು ವೃತ್ತದ ಬದಲು ತುಂಡು ತುಂಡಾದ ಗೆರೆಯ ಪೂರ್ಣ ವೃತ್ತ ಇರುತ್ತದೆ. ಬೋಲ್ಟಿಗೆ ಒಳಗೆ, ತೂತಿಗೆ ಹೊರಗೆ. ನಮ್ಮ ಕಣ್ಣಿಗೆ ಅದು ಹಿಂಬದಿಯಲ್ಲಿ ಅಡಗಿದ ಇನ್ನೊಂದು ತೂತಿನಂತೆ ತೋರಬಹುದು. ಆದರೆ ಅಲ್ಲಿಯೂ ದಪ್ಪ ಪೂರ್ಣ ವೃತ್ತ ನೆತ್ತಿಯದೇ: ಬೋಲ್ಟಿಗೆ ಮೇಜರ್, ತೂತಿಗೆ ಮೈನರ್.

ಕಂಪ್ಯೂಟರಿನಲ್ಲಿ ಬರೆಯುವ ಕಾಲದಲ್ಲಿ ತೆಳು ಕಮಾನು ಹೊಸ ಬಗೆಯ ತಾಪತ್ರಯವನ್ನೂ ತಂದಿದೆ. ತಗಡನ್ನು ಲೇಸರ್‌ನಲ್ಲಿ ಕತ್ತರಿಸಲು ಡ್ರಾಯಿಂಗನ್ನು ಡಿಎಕ್ಸ್‌ಎಫ್ ಕಡತವಾಗಿ ಕಳಿಸುತ್ತಾರೆ. ಮನುಷ್ಯ ಓದುವಾಗ ತೆಳು ಕಮಾನನ್ನು ಸಂಕೇತ ಎಂದು ತಿಳಿಯುತ್ತಾನೆ. ಯಂತ್ರಕ್ಕೆ ಎಲ್ಲವೂ ಕತ್ತರಿಸಬೇಕಾದ ಗೆರೆಯೇ. ಕಡತದಲ್ಲಿ ಕಮಾನು ಹಾಗೇ ಉಳಿದಿದ್ದು ಯಾರೂ ಗಮನಿಸದಿದ್ದರೆ ಲೇಸರ್ 8.5ರ ವೃತ್ತವನ್ನೂ ಕತ್ತರಿಸಿ, ಅದರ ಸುತ್ತ 10ರ ಮುಕ್ಕಾಲು ವೃತ್ತವನ್ನೂ ಕತ್ತರಿಸುತ್ತದೆ. ಟ್ಯಾಪ್ ಹಲ್ಲು ಕೊರೆಯಬೇಕಾಗಿದ್ದ ಲೋಹ ಮುಕ್ಕಾಲು ಸುತ್ತು ತಗಡಿನಿಂದ ಬಿಟ್ಟುಕೊಂಡು ಆ ತಗಡು ಗುಜರಿಗೆ ಸೇರುತ್ತದೆ. ಇದರ ಇನ್ನೊಂದು ರೂಪ, ಕಮಾನನ್ನು ಅಳಿಸುವ ಬದಲು ಒಳಗಿನ ವೃತ್ತವನ್ನು ಅಳಿಸಿ, ಎಂ10 ಎಂದಿದೆಯಲ್ಲ ಎಂದು ಹತ್ತರ ವೃತ್ತವನ್ನು ಪೂರ್ತಿ ಮಾಡಿ ಕಳಿಸುವುದು. ಕತ್ತರಿಸಿದ ತಗಡು ಟ್ಯಾಪಿಂಗಿಗೆ ಬಂದಾಗ ಟ್ಯಾಪ್ ಎಲ್ಲೂ ಕಚ್ಚದೆ ಸಲೀಸಾಗಿ ಕೆಳಗಿಳಿಯುತ್ತದೆ, ಆಗ ಗೊತ್ತಾಗುತ್ತದೆ.

ಕಡತ ಕಳಿಸುವ ಮೊದಲು ತೆಳು ಕಮಾನುಗಳನ್ನೆಲ್ಲ ಬೇರೆ ಪದರಕ್ಕೆ ಹಾಕಿ ಆ ಪದರವನ್ನು ಬಿಟ್ಟು ಉಳಿದದ್ದನ್ನು ಕಳಿಸಬೇಕು, ದಪ್ಪ ವೃತ್ತ ಉಳಿಯಬೇಕು. ಅದೂ ದಪ್ಪ ತಗಡಾದರೆ 8.5ಕ್ಕೇ ಕತ್ತರಿಸಬೇಕೆಂದೇನಿಲ್ಲ. ಲೇಸರ್‌ನ ಕಾವಿಗೆ ಉಕ್ಕಿನ ಅಂಚು ಗಡುಸಾಗಿ ಟ್ಯಾಪ್ ಬೇಗ ಮೊಂಡಾಗುವುದರಿಂದ ಕೆಲವರು ಲೇಸರ್‌ನಲ್ಲಿ ಅದಕ್ಕಿಂತ ಚಿಕ್ಕ ತೂತು ಮಾಡಿಸಿ, ಆಮೇಲೆ 8.5ರ ಡ್ರಿಲ್ ಹಾಕಿ ಗಡುಸಾದ ಪದರವನ್ನು ತೆಗೆದು, ನಂತರ ಟ್ಯಾಪ್ ಇಳಿಸುತ್ತಾರೆ.